ಎರಡು ಆಯಾಮದ ಅರೇಯ ಮೇಲೆ ಲೂಪ್ ನಿಧಾನವಾದಾಗ: ಕಾರಣ ಪತ್ತೆ ಮತ್ತು ದುರಸ್ತಿ

ದೋಷದ ಲಕ್ಷಣ

ಬೆಂಗಳೂರಿನ ನೆಲದ ಎತ್ತರವನ್ನು ಚೌಕಗಳಾಗಿ ಹಂಚಿಟ್ಟ ಒಂದು ಜಾಲವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಮಳೆನೀರು ಯಾವ ರಾಜಕಾಲುವೆಯ ಕಡೆಗೆ ಇಳಿಯುತ್ತದೆ, ಹೆಬ್ಬಾಳ ಕಣಿವೆಗೋ, ವೃಷಭಾವತಿಗೋ ಅಥವಾ ಕೋರಮಂಗಲ–ಚಲ್ಲಘಟ್ಟ ಕಣಿವೆಗೋ ಎಂದು ಲೆಕ್ಕ ಹಾಕುವವರು ಮೊದಲು ಸಿದ್ಧಪಡಿಸಿಕೊಳ್ಳುವುದು ಇಂಥ ಜಾಲವನ್ನೇ. ಒಂದು ಚೌಕ 5 ಮೀಟರ್ ಅಗಲವೆಂದು ಹಿಡಿದರೆ, 8192 ಅಡ್ಡಸಾಲು ಮತ್ತು 8192 ಕಂಬಸಾಲುಗಳ ಜಾಲ ಸುಮಾರು 41 ಕಿಲೋಮೀಟರ್ ಉದ್ದಗಲದ ಪ್ರದೇಶವನ್ನು ಆವರಿಸುತ್ತದೆ. ಪ್ರತಿ ಚೌಕದ ಎತ್ತರವನ್ನು 4 ಬೈಟ್‌ನ `float` ಆಗಿ ಇಟ್ಟರೆ ಇಡೀ ಅರೇ 256 ಎಂಬಿ ಆಗುತ್ತದೆ.

ಪಶ್ಚಿಮದಿಂದ ಪೂರ್ವಕ್ಕೆ ಹೋಗುತ್ತಾ ನೆಲದ ಸರಾಸರಿ ಎತ್ತರ ಹೇಗೆ ಬದಲಾಗುತ್ತದೆ ಎಂಬುದನ್ನು ತಿಳಿಯಲು ಪ್ರತಿ ಕಂಬಸಾಲಿನ ಸರಾಸರಿ ಬೇಕು. ಇದನ್ನು ಹೆಚ್ಚಿನವರು ತಮಗೆ ಹೊಳೆದ ಕ್ರಮದಲ್ಲೇ, ಅಂದರೆ ಒಂದು ಕಂಬಸಾಲನ್ನು ಹಿಡಿದು ಮೇಲಿನಿಂದ ಕೆಳಗಿನವರೆಗೆ ಕೂಡಿ ಮುಂದಿನದಕ್ಕೆ ಹೋಗುವಂತೆ ಬರೆಯುತ್ತಾರೆ.

```c
#define N 8192
static float h[N][N];
static double col[N];

for (int j = 0; j < N; j++) {
    double s = 0;
    for (int i = 0; i < N; i++)
        s += h[i][j];
    col[j] = s / N;
}
```

ಉತ್ತರ ಸರಿಯಾಗಿಯೇ ಬರುತ್ತದೆ. ದೋಷ ಕಾಣುವುದು ವೇಗದಲ್ಲಿ ಮಾತ್ರ. ಇದೇ ಅರೇಯ ಅಡ್ಡಸಾಲುಗಳ ಸರಾಸರಿಯನ್ನು ಲೆಕ್ಕ ಹಾಕುವ ಲೂಪ್ ಕ್ಷಣಾರ್ಧದಲ್ಲಿ ಮುಗಿದರೆ, ಅಷ್ಟೇ ಕೂಡಿಕೆಗಳನ್ನು ಮಾಡುವ ಈ ಲೂಪ್ ಅದರ ಹಲವು ಪಟ್ಟು ಸಮಯ ತಿನ್ನುತ್ತದೆ. ಒಮ್ಮೆ ಓಡಿಸಿ ಬಿಡುವ ಪ್ರೋಗ್ರಾಂನಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಮಳೆಯ ಪ್ರತಿ ನಿಮಿಷಕ್ಕೂ ಜಾಲದ ಮೇಲೆ ಇಂಥ ಹತ್ತಾರು ಸುತ್ತು ಹಾಕುವ ಪ್ರೋಗ್ರಾಂನಲ್ಲಿ ಗಂಟೆಯ ಕೆಲಸ ಇಡೀ ದಿನ ಹಿಡಿಯುತ್ತದೆ.

ಮೊದಲು ಬೇರೆ ಕಾರಣಗಳನ್ನು ತಳ್ಳಿಹಾಕುವುದು

ಲೂಪ್‌ಗೆ ಕೈಹಾಕುವ ಮುನ್ನ `time` ಆಜ್ಞೆಯ ಮೂರು ಅಂಕಿಗಳನ್ನು ನೋಡಬೇಕು. `real` ದೊಡ್ಡದಾಗಿದ್ದು `user` ಚಿಕ್ಕದಾಗಿದ್ದರೆ ಪ್ರೋಗ್ರಾಂ ಡಿಸ್ಕ್‌ಗಾಗಿ ಕಾಯುತ್ತಿದೆ ಅಥವಾ ಮೆಮೊರಿ ಸಾಲದೆ ಸ್ವಾಪ್‌ಗೆ ಹೋಗಿದೆ ಎಂದರ್ಥ. `sys` ದೊಡ್ಡದಾಗಿದ್ದರೆ ಮೆಮೊರಿಯ 4 ಕೆಬಿ ತುಂಡುಗಳಾದ ಪುಟಗಳನ್ನು ಮೊದಲ ಬಾರಿಗೆ ಒದಗಿಸುವ ಕೆಲಸದಲ್ಲಿ ಕರ್ನಲ್ ಸಮಯ ಕಳೆಯುತ್ತಿರುವ ಸಂಭವ ಹೆಚ್ಚು. ಈ ಎರಡರಲ್ಲಿ ಯಾವುದಿದ್ದರೂ ಈ ಕೈಪಿಡಿಯ ದುರಸ್ತಿ ಉಪಯೋಗಕ್ಕೆ ಬರುವುದಿಲ್ಲ. ನಮ್ಮ ದೋಷದಲ್ಲಿ `user` ಮತ್ತು `real` ಹೆಚ್ಚುಕಡಿಮೆ ಒಂದೇ ಆಗಿರುತ್ತವೆ.

ಹೊಸಬರು ಎಡವುವುದು ಇಲ್ಲಿಯೇ. ನಮ್ಮ ಜೊತೆ ಕೆಲಸ ಮಾಡುವ ಹುಡುಗರಲ್ಲಿ ಒಬ್ಬರಲ್ಲ ಒಬ್ಬರು, “ಸರ್, ಟಾಪ್‌ನಲ್ಲಿ ಸಿಪಿಯು ನೂರಕ್ಕೆ ನೂರು ತೋರಿಸ್ತಿದೆ, ಅಂದ್ರೆ ಲೆಕ್ಕವೇ ಜಾಸ್ತಿ ಇದೆ ಅಲ್ವಾ?” ಎಂದು ಕೇಳುತ್ತಾರೆ. ಹಾಗಲ್ಲ. ಡಿಸ್ಕ್‌ಗಾಗಿ ಕಾಯುವಾಗ ಆಪರೇಟಿಂಗ್ ಸಿಸ್ಟಂ ಪ್ರೋಗ್ರಾಂ ಅನ್ನು ಪಕ್ಕಕ್ಕೆ ಸರಿಸಿ ಬೇರೆಯದಕ್ಕೆ ಅವಕಾಶ ಕೊಡುತ್ತದೆ, ಹಾಗಾಗಿ ಆ ಕಾಯುವಿಕೆ ಪ್ರತ್ಯೇಕವಾಗಿ ಕಾಣುತ್ತದೆ. ಮುಖ್ಯ ಮೆಮೊರಿಗಾಗಿ ಕಾಯುವುದು ಒಂದು ಸೂಚನೆಯ ಒಳಗೇ ನಡೆಯುವ ಸಂಗತಿ. ಅದು ಆಪರೇಟಿಂಗ್ ಸಿಸ್ಟಂನ ಗಮನಕ್ಕೇ ಬರುವುದಿಲ್ಲ. ಪ್ರೊಸೆಸರ್ ಸುಮ್ಮನೆ ನಿಂತಿದ್ದರೂ ಆ ಸಮಯವೆಲ್ಲ ದುಡಿಮೆಯ ಲೆಕ್ಕಕ್ಕೇ ಜಮೆಯಾಗುತ್ತದೆ.

ಕಾರಣ

ಸಿ ಭಾಷೆ ಎರಡು ಆಯಾಮದ ಅರೇಯನ್ನು ಅಡ್ಡಸಾಲಿನ ಹಿಂದೆ ಅಡ್ಡಸಾಲು ಬರುವಂತೆ ಮೆಮೊರಿಯಲ್ಲಿ ಜೋಡಿಸುತ್ತದೆ. `h[i][j]` ಪಕ್ಕದಲ್ಲಿ, 4 ಬೈಟ್ ದೂರದಲ್ಲಿ, `h[i][j+1]` ಇರುತ್ತದೆ. `h[i+1][j]` ಇರುವುದು ಒಂದು ಪೂರ್ತಿ ಅಡ್ಡಸಾಲು ದಾಟಿದ ಮೇಲೆ, ಅಂದರೆ 8192 × 4 = 32,768 ಬೈಟ್ ದೂರದಲ್ಲಿ. ಮೇಲಿನ ಕೋಡ್‌ನ ಒಳ ಲೂಪ್ ಬದಲಿಸುವುದು `i` ಅನ್ನು. ಆದ್ದರಿಂದ ಅದರ ಪ್ರತಿ ಹೆಜ್ಜೆಯೂ 32 ಕೆಬಿಯ ಜಿಗಿತ.

ಈ ಜಿಗಿತ ದುಬಾರಿಯಾಗಲು ಕಾರಣ, ಪ್ರೊಸೆಸರ್ ಮುಖ್ಯ ಮೆಮೊರಿಯಿಂದ ಬಿಡಿ ಸಂಖ್ಯೆಗಳನ್ನು ತರುವುದೇ ಇಲ್ಲ. ಎಕ್ಸ್86 ಯಂತ್ರಗಳಲ್ಲಿ ಅದು ಒಮ್ಮೆಗೆ 64 ಬೈಟ್‌ನ ಒಂದು ಕ್ಯಾಶ್ ಲೈನ್ ಅನ್ನು ತನ್ನ ಬಳಿಯ ಚಿಕ್ಕ, ವೇಗದ ಮೆಮೊರಿಯಾದ ಕ್ಯಾಶ್‌ಗೆ ತರುತ್ತದೆ. ಅದರಲ್ಲಿ ನಮ್ಮ 16 ಎತ್ತರಗಳು ಇರುತ್ತವೆ. ಅಡ್ಡಸಾಲಿನ ಉದ್ದಕ್ಕೂ ನಡೆದರೆ ಒಮ್ಮೆ ತಂದ ಲೈನ್ 16 ಸಲ ಉಪಯೋಗಕ್ಕೆ ಬರುತ್ತದೆ. ಕಂಬಸಾಲಿನಲ್ಲಿ ಇಳಿದರೆ ಒಂದನ್ನು ಬಳಸಿ, ಉಳಿದ 15ನ್ನು ಹಾಗೆಯೇ ಬಿಟ್ಟು, 32 ಕೆಬಿ ಆಚೆಯ ಇನ್ನೊಂದು ಲೈನ್‌ಗೆ ಹೋಗುತ್ತೇವೆ. ಒಂದು ಮೊಗ್ಗಿಗಾಗಿ ಕೆ.ಆರ್. ಮಾರುಕಟ್ಟೆಗೆ ಹೋಗಿ ಒಂದು ಮಾರು ಮಲ್ಲಿಗೆ ತಂದು, ಮಿಕ್ಕದ್ದನ್ನು ಬಿಸಾಡಿ, ಎರಡನೆಯ ಮೊಗ್ಗಿಗೆ ಮತ್ತೆ ಮಾರುಕಟ್ಟೆಗೇ ಹೊರಟಂತೆ ಇದು.

ಬಿಸಾಡಿದ್ದೇಕೆ, ಆ ಲೈನ್‌ಗಳು ಕ್ಯಾಶ್‌ನಲ್ಲೇ ಉಳಿದು ಮುಂದಿನ ಕಂಬಸಾಲಿಗೆ ಸಿಗಬಾರದೇಕೆ ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ, ಮತ್ತು ದೋಷದ ನಿಜವಾದ ಮೂಲ ಇರುವುದೂ ಇಲ್ಲೇ. ಒಂದು ಕಂಬಸಾಲು ಇಳಿಯುವಷ್ಟರಲ್ಲಿ 8192 ಲೈನ್‌ಗಳನ್ನು ಮುಟ್ಟಿರುತ್ತೇವೆ. ಅವೆಲ್ಲ ಸೇರಿ 512 ಕೆಬಿ. ಪ್ರೊಸೆಸರ್‌ಗೆ ಅತಿ ಹತ್ತಿರದ ಎಲ್1 ಕ್ಯಾಶ್ ಸಾಮಾನ್ಯವಾಗಿ 32 ಅಥವಾ 48 ಕೆಬಿ ಮಾತ್ರ. ಅಲ್ಲಿಂದ ಉತ್ತರ ನಾಲ್ಕೈದು ಸೈಕಲ್‌ನಲ್ಲಿ ಸಿಗುತ್ತದೆ, ಆದರೆ ನಮ್ಮ ಸರಕು ಅಲ್ಲಿ ಹಿಡಿಸುವುದಿಲ್ಲ. ಅದರ ಹಿಂದಿನ ಎಲ್2 ಈಗಿನ ಹಲವು ಯಂತ್ರಗಳಲ್ಲಿ 1 ಎಂಬಿ ಅಥವಾ ಅದಕ್ಕಿಂತ ದೊಡ್ಡದು. ಅಲ್ಲಿ 512 ಕೆಬಿ ಹಿಡಿಸಬೇಕು. ಹಾಗಿದ್ದೂ ಹಿಡಿಸುವುದಿಲ್ಲ. ಇದಕ್ಕೆ ಕಾರಣ 8192 ಎಂಬ ಸಂಖ್ಯೆ.

ಕ್ಯಾಶ್ ಎಂದರೆ ಎಲ್ಲಿ ಬೇಕಾದರೂ ಏನನ್ನಾದರೂ ತುಂಬಬಹುದಾದ ಗೋಣಿಚೀಲವಲ್ಲ. ಅದು ಸೆಟ್‌ಗಳಾಗಿ ವಿಂಗಡಣೆಯಾಗಿರುತ್ತದೆ. ಒಂದು ಲೈನ್ ಯಾವ ಸೆಟ್‌ಗೆ ಸೇರಬೇಕು ಎಂಬುದನ್ನು ಅದರ ವಿಳಾಸದ ಕೆಲವು ಬಿಟ್‌ಗಳು ನಿರ್ಧರಿಸುತ್ತವೆ. 32 ಕೆಬಿಯ ಎಲ್1ನಲ್ಲಿ ಸಾಮಾನ್ಯವಾಗಿ 64 ಸೆಟ್‌ಗಳಿದ್ದು, ಪ್ರತಿ ಸೆಟ್‌ನಲ್ಲಿ 8 ಲೈನ್‌ಗಳಿಗೆ ಮಾತ್ರ ಜಾಗ. ವಿಳಾಸ 64 × 64 = 4096 ಬೈಟ್ ಮುಂದೆ ಹೋದಾಗಲೆಲ್ಲ ಅದೇ ಸೆಟ್ ಮರಳಿ ಬರುತ್ತದೆ. ನಮ್ಮ 32,768 ಬೈಟ್‌ನ ಜಿಗಿತ 4096ರ ಸರಿಯಾದ 8 ಪಟ್ಟು. ಪರಿಣಾಮವಾಗಿ ಒಂದು ಕಂಬಸಾಲಿನ 8192 ಲೈನ್‌ಗಳೂ ಒಂದೇ ಸೆಟ್‌ನ ಆ 8 ಜಾಗಗಳಿಗೆ ಮುಗಿಬೀಳುತ್ತವೆ, ಉಳಿದ 63 ಸೆಟ್‌ಗಳು ಖಾಲಿ ಕೂತಿರುತ್ತವೆ. ಎಲ್2ನಲ್ಲಿಯೂ ಇದರ ಸೌಮ್ಯ ರೂಪ ಇದ್ದೇ ಇದೆ. 1024 ಸೆಟ್, ತಲಾ 16 ಲೈನ್ ಇರುವ 1 ಎಂಬಿಯ ಎಲ್2ನಲ್ಲಿ ಸೆಟ್ ಆರಿಸುವ ಹತ್ತು ಬಿಟ್‌ಗಳ ಪೈಕಿ ಆರು ಬಿಟ್‌ಗಳು ಪುಟದೊಳಗಿನ ಸ್ಥಾನದಿಂದ ಬರುತ್ತವೆ, ಅವು ನಮ್ಮ ಜಿಗಿತದಲ್ಲಿ ಬದಲಾಗುವುದೇ ಇಲ್ಲ. ಉಳಿದ ನಾಲ್ಕು ಬಿಟ್‌ಗಳು ಪುಟ ಭೌತಿಕ ಮೆಮೊರಿಯಲ್ಲಿ ಎಲ್ಲಿ ಬಿದ್ದಿದೆ ಎಂಬುದರ ಮೇಲೆ ಅವಲಂಬಿತ. ಹೆಚ್ಚೆಂದರೆ 16 ಸೆಟ್‌ಗಳು, ಅಂದರೆ 256 ಲೈನ್‌ಗಳಷ್ಟು ಜಾಗ, ಬೇಕಾದದ್ದು 8192.

ಮೂರನೆಯ ಹೊಡೆತ ವಿಳಾಸ ಪರಿವರ್ತನೆಯದು. ಮೆಮೊರಿ 4 ಕೆಬಿಯ ಪುಟಗಳಾಗಿ ಹಂಚಿಕೆಯಾಗಿರುವುದರಿಂದ ನಮ್ಮ ಪ್ರತಿ ಹೆಜ್ಜೆಯೂ ಹೊಸ ಪುಟಕ್ಕೆ ಬೀಳುತ್ತದೆ. ಪುಟಗಳ ವಿಳಾಸವನ್ನು ನೆನಪಿಟ್ಟುಕೊಳ್ಳುವ ಟಿಎಲ್‌ಬಿಯ ಮೊದಲ ಮಟ್ಟದಲ್ಲಿ ಸಾಮಾನ್ಯವಾಗಿ 64ರ ಆಸುಪಾಸು, ಎರಡನೆಯ ಮಟ್ಟದಲ್ಲಿ ಒಂದೆರಡು ಸಾವಿರ ನಮೂದುಗಳಿಗೆ ಜಾಗವಿರುತ್ತದೆ. 8192 ಪುಟಗಳಲ್ಲಿ ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಮೊದಲಿನ ನಮೂದುಗಳೆಲ್ಲ ಅಳಿಸಿಹೋಗಿರುತ್ತವೆ, ಆದ್ದರಿಂದ ಪ್ರತಿ ಹೆಜ್ಜೆಗೂ ಪ್ರೊಸೆಸರ್ ಪುಟ ಕೋಷ್ಟಕವನ್ನು ಓದಬೇಕಾಗುತ್ತದೆ. ಆ ಕೋಷ್ಟಕವೂ ಮೆಮೊರಿಯಲ್ಲೇ ಇದೆ. ಅದರ ಒಂದು ನಮೂದು 8 ಬೈಟ್; ನಮ್ಮ ಜಿಗಿತ 8 ಪುಟ; 8 × 8 = 64. ಹೀಗಾಗಿ ಕೋಷ್ಟಕವನ್ನು ಓದುವಾಗಲೂ ಪ್ರತಿ ಸಲ ಹೊಸ ಕ್ಯಾಶ್ ಲೈನ್ ಬೇಕಾಗುತ್ತದೆ, ಆ ಲೈನ್‌ಗಳು ಎಲ್2ನಲ್ಲಿ ದತ್ತಾಂಶದ ಜೊತೆಗೇ ಜಾಗಕ್ಕಾಗಿ ಸ್ಪರ್ಧಿಸುತ್ತವೆ.

ಅಡ್ಡಸಾಲಿನ ನಡಿಗೆಯಲ್ಲಿ ಇವೆಲ್ಲವೂ ಇಲ್ಲ. ಅಷ್ಟೇ ಅಲ್ಲ, ಒಂದರ ಹಿಂದೆ ಒಂದು ಲೈನ್ ಕೇಳುತ್ತಿರುವುದನ್ನು ಪ್ರೊಸೆಸರ್‌ನ ಪ್ರಿಫೆಚರ್ ಗುರುತಿಸಿ ಮುಂದಿನ ಲೈನ್‌ಗಳನ್ನು ಮೊದಲೇ ತಂದಿಡುತ್ತದೆ. 32 ಕೆಬಿಯ ಜಿಗಿತವನ್ನು ಅದು ಹಿಂಬಾಲಿಸುವುದಿಲ್ಲ. ಈ ಯಂತ್ರಾಂಗಗಳು ಸಾಮಾನ್ಯವಾಗಿ 4 ಕೆಬಿ ಪುಟದ ಆಸುಪಾಸಿನಲ್ಲೇ ಕೆಲಸ ಮಾಡುತ್ತವೆ.

ಎಷ್ಟು ನಿಧಾನ ಎಂದು ಮೊದಲೇ ಅಂದಾಜಿಸುವುದು

ಅಳೆಯುವ ಮುನ್ನ ಕಾಗದದ ಮೇಲೆ ಒಂದು ಲೆಕ್ಕ ಹಾಕಿಕೊಳ್ಳುವುದು ಉತ್ತಮ. ಅಂದಾಜು ಇಲ್ಲದವನಿಗೆ ಬಂದ ಅಂಕಿ ಸರಿಯೋ ತಪ್ಪೋ ಗೊತ್ತಾಗುವುದಿಲ್ಲ. ಜಾಲದಲ್ಲಿ ಒಟ್ಟು 6,71,08,864 ಎತ್ತರಗಳಿವೆ. ಅಡ್ಡಸಾಲಿನ ಕ್ರಮದಲ್ಲಿ ತರಬೇಕಾದ ಲೈನ್‌ಗಳು ಅದರ ಹದಿನಾರನೆಯ ಒಂದು ಭಾಗ, ಅಂದರೆ 41,94,304. ಕಂಬಸಾಲಿನ ಕ್ರಮದಲ್ಲಿ ಹೆಚ್ಚುಕಡಿಮೆ ಪ್ರತಿ ಎತ್ತರಕ್ಕೂ ಒಂದು ಲೈನ್.

ಮುಖ್ಯ ಮೆಮೊರಿಯಿಂದ ಒಂದು ಲೈನ್ ಬರಲು ಸುಮಾರು 90 ನ್ಯಾನೊಸೆಕೆಂಡ್ ಎಂದು ಹಿಡಿದು ನೇರವಾಗಿ ಗುಣಿಸಿದರೆ ಕಂಬಸಾಲಿನ ಕ್ರಮಕ್ಕೆ 6 ಸೆಕೆಂಡ್ ಆಗುತ್ತದೆ. ವಾಸ್ತವದಲ್ಲಿ ಅಷ್ಟು ಆಗುವುದಿಲ್ಲ, ಏಕೆಂದರೆ ಮುಂದಿನ ವಿಳಾಸ ಯಾವುದೆಂದು ತಿಳಿಯಲು ಹಿಂದಿನ ಮೌಲ್ಯ ಬಂದಿರಬೇಕಾಗಿಲ್ಲ. ಪ್ರೊಸೆಸರ್ ಹತ್ತು–ಹನ್ನೆರಡು ಬೇಡಿಕೆಗಳನ್ನು ಒಟ್ಟಿಗೇ ಕಳುಹಿಸಿ ಕಾಯಬಲ್ಲದು. ಹಾಗಾಗಿ ಅಂದಾಜು ಸುಮಾರು 0.6 ಸೆಕೆಂಡ್‌ಗೆ ಇಳಿಯುತ್ತದೆ. ದೊಡ್ಡ ಎಲ್3 ಇದ್ದರೆ ಇನ್ನೂ ಕಡಿಮೆಯಾಗಬಹುದು, ಟಿಎಲ್‌ಬಿಯ ಹೊರೆ ಸೇರಿದರೆ ಹೆಚ್ಚಾಗಬಹುದು. ಇನ್ನೊಂದು ಕಡೆ, 256 ಎಂಬಿಯನ್ನು ಸೆಕೆಂಡಿಗೆ 10 ಜಿಬಿ ವೇಗದಲ್ಲಿ ಸಾಲಾಗಿ ಓದಿದರೆ 0.03 ಸೆಕೆಂಡ್ ಸಾಕು. ಲೈನ್‌ಗಳ ಲೆಕ್ಕ 16 ಪಟ್ಟು ಎನ್ನುತ್ತದೆ, ಸಮಯದ ಲೆಕ್ಕ 20 ಪಟ್ಟು ಎನ್ನುತ್ತದೆ. ಈ ಎರಡರ ನೆರೆಹೊರೆಯಲ್ಲಿ ವ್ಯತ್ಯಾಸ ಕಂಡರೆ ದೋಷ ಇದೇ ಎಂದು ನಂಬಬಹುದು. ಎರಡು ಪಟ್ಟು ಮಾತ್ರ ವ್ಯತ್ಯಾಸವಿದ್ದರೆ ಬೇರೆ ಏನನ್ನೋ ಹುಡುಕಬೇಕು.

ಅಳೆದು ಖಚಿತಪಡಿಸುವುದು

ಲಿನಕ್ಸ್‌ನಲ್ಲಿ ಇದಕ್ಕೆ `perf` ಸಾಕು.

```
perf stat -e cycles,instructions,L1-dcache-loads,L1-dcache-load-misses,dTLB-load-misses ./sarasari
```

ಮೊದಲು ಸೈಕಲ್‌ಗಳಿಗೆ ಹೋಲಿಸಿ ಸೂಚನೆಗಳ ಸಂಖ್ಯೆಯನ್ನು ನೋಡಿ. ಪ್ರತಿ ಸೈಕಲ್‌ಗೆ ಒಂದು ಸೂಚನೆಯೂ ಮುಗಿಯದೆ, ಆ ಅನುಪಾತ ಒಂದಕ್ಕಿಂತ ಬಹಳ ಕೆಳಗೆ ಇಳಿದಿದ್ದರೆ ಪ್ರೊಸೆಸರ್ ಕಾಯುತ್ತಾ ನಿಂತಿದೆ. ಬಳಿಕ ಎಲ್1ನ ತಪ್ಪುಗಳನ್ನು, ಅಂದರೆ ಕೇಳಿದ ಲೈನ್ ಎಲ್1ನಲ್ಲಿ ಸಿಗದೆ ಹೋದ ಸಲಗಳ ಎಣಿಕೆಯನ್ನು ನೋಡಿ: ಕಂಬಸಾಲಿನ ಕ್ರಮದಲ್ಲಿ ಅದು 6.7 ಕೋಟಿಯ ಹತ್ತಿರ, ಅಂದರೆ ಅರೇಯಿಂದ ಓದಿದಷ್ಟೇ ಇರುತ್ತದೆ. `dTLB-load-misses` ಕೂಡ ಅದೇ ಅಳತೆಯಲ್ಲಿದ್ದರೆ ಪುಟಗಳ ಹೊರೆಯೂ ಸೇರಿಕೊಂಡಿದೆ. ಅರೇಗೆ ಬೆಲೆ ತುಂಬುವ ಆರಂಭಿಕ ಭಾಗವೂ ಈ ಎಣಿಕೆಯಲ್ಲಿ ಸೇರುತ್ತದೆ ಎಂಬುದನ್ನು ಮರೆಯಬಾರದು; ಆ ಭಾಗವನ್ನು ಮಾತ್ರ ಓಡಿಸಿ ಬಂದ ಅಂಕಿಗಳನ್ನು ಕಳೆದು ನೋಡಬೇಕು.

ಬಾಡಿಗೆಯ ವರ್ಚುವಲ್ ಯಂತ್ರಗಳಲ್ಲಿ ಈ ಎಣಿಕೆಗಳ ಜಾಗದಲ್ಲಿ `<not supported>` ಎಂದು ಬರುವುದುಂಟು. ಆಗ ಕ್ಯಾಶ್‌ಗ್ರೈಂಡ್ ನೆರವಿಗೆ ಬರುತ್ತದೆ.

```
valgrind --tool=cachegrind --cache-sim=yes ./sarasari
```

ಇದು ಕ್ಯಾಶ್ ಅನ್ನು ಅನುಕರಿಸಿ ಎಣಿಸುವುದರಿಂದ ಬಹಳ ನಿಧಾನ. ಆದರೆ ಯಾವ ಸಾಲಿನ ಕೋಡ್ ಎಷ್ಟು ತಪ್ಪುಗಳಿಗೆ ಕಾರಣ ಎಂದು `cg_annotate` ಮೂಲಕ ಬೆರಳಿಟ್ಟು ತೋರಿಸುತ್ತದೆ. ಟಿಎಲ್‌ಬಿಯನ್ನಾಗಲಿ ಪ್ರಿಫೆಚರ್ ಅನ್ನಾಗಲಿ ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಅದರ ಅಂಕಿಗಳನ್ನು ನೇರವಾಗಿ ಸಮಯಕ್ಕೆ ಪರಿವರ್ತಿಸುವುದು ಸಲ್ಲ.

ಅಳತೆಯನ್ನೇ ಹಾಳುಮಾಡುವ ಒಂದು ಬಲೆ ಇದೆ, ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಪರೀಕ್ಷೆಗೆಂದು `calloc` ಮೂಲಕ ಅರೇ ಪಡೆದು, ಅಥವಾ ಮೇಲಿನಂತೆ `static` ಎಂದು ಘೋಷಿಸಿ, ಏನನ್ನೂ ಬರೆಯದೆ ನೇರವಾಗಿ ಓದಲು ತೊಡಗಿದರೆ ಲಿನಕ್ಸ್ ಕರ್ನಲ್ ಪ್ರತಿ ಪುಟಕ್ಕೂ ಬೇರೆ ಮೆಮೊರಿ ಕೊಡುವುದಿಲ್ಲ. ಸೊನ್ನೆಗಳಿಂದ ತುಂಬಿದ ಒಂದೇ ಪುಟವನ್ನು ಎಲ್ಲ ವಿಳಾಸಗಳಿಗೂ ಜೋಡಿಸುತ್ತದೆ. 256 ಎಂಬಿ ಓದುತ್ತಿದ್ದೇವೆ ಎಂದು ನಾವು ಭಾವಿಸಿದ್ದರೆ, ಪ್ರೊಸೆಸರ್ ಓದುತ್ತಿರುವುದು ಎಲ್1ನಲ್ಲೇ ಕೂತ ಅದೇ 4 ಕೆಬಿಯನ್ನು. ಕ್ಯಾಶ್ ತಪ್ಪುಗಳು ಮಾಯವಾಗಿ, ಪುಟ ಜೋಡಣೆಯ ಮತ್ತು ಟಿಎಲ್‌ಬಿಯ ವೆಚ್ಚ ಮಾತ್ರ ಉಳಿದು, ದೋಷವೇ ಇಲ್ಲವೇನೋ ಅನ್ನಿಸುತ್ತದೆ. ಅಳೆಯುವ ಮೊದಲು ಪ್ರತಿ ಚೌಕಕ್ಕೂ ಒಂದು ಬೆಲೆ ಬರೆದಿರಬೇಕು. ಬಂದ ಮೊತ್ತವನ್ನು ಕೊನೆಗೆ ಮುದ್ರಿಸಲೂಬೇಕು, ಇಲ್ಲವಾದರೆ ಯಾರೂ ಬಳಸದ ಲೆಕ್ಕವೆಂದು ಕಂಪೈಲರ್ ಇಡೀ ಲೂಪ್ ಅನ್ನೇ ಕಿತ್ತುಹಾಕಬಹುದು.

ಚಿಕ್ಕ ಜಾಲದ ಮೇಲೆ ಮಾಡಿದ ಪರೀಕ್ಷೆ ಈ ದೋಷವನ್ನು ತೋರಿಸುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. 64 × 64ರ ಜಾಲ 16 ಕೆಬಿ ಮಾತ್ರ. ಅದು ಪೂರ್ತಿ ಎಲ್1ನಲ್ಲಿ ಕೂರುತ್ತದೆ, ಯಾವ ಕ್ರಮದಲ್ಲಿ ನಡೆದರೂ ಕ್ಯಾಶ್‌ನ ಮಟ್ಟಿಗೆ ಒಂದೇ. ಪರೀಕ್ಷೆಯಲ್ಲಿ ಚುರುಕಾಗಿದ್ದ ಕೋಡ್ ನಿಜವಾದ ದತ್ತಾಂಶದ ಮೇಲೆ ಕುಂಟುವುದಕ್ಕೆ ಬಹಳ ಸಲ ಇದೇ ಕಾರಣ.

ದುರಸ್ತಿ

ಒಳ ಲೂಪ್ `j`ಯದಾಗಬೇಕು. ಆದರೆ ಇಲ್ಲಿ ಎರಡು `for` ಸಾಲುಗಳನ್ನು ಅದಲುಬದಲು ಮಾಡಿದರೆ ಸಾಲದು, ಏಕೆಂದರೆ `s` ಒಂದು ಕಂಬಸಾಲಿನ ಮೊತ್ತವನ್ನು ಮಾತ್ರ ಹಿಡಿದಿಡುತ್ತದೆ. ಎಲ್ಲ 8192 ಕಂಬಸಾಲುಗಳ ಮೊತ್ತವನ್ನೂ ಏಕಕಾಲಕ್ಕೆ ಬೆಳೆಸುತ್ತಾ ಹೋಗಬೇಕು.

```c
for (int j = 0; j < N; j++) col[j] = 0;
for (int i = 0; i < N; i++)
    for (int j = 0; j < N; j++)
        col[j] += h[i][j];
for (int j = 0; j < N; j++) col[j] /= N;
```

`col` 64 ಕೆಬಿ ಇರುವುದರಿಂದ ಎಲ್1ನಲ್ಲಿ ಪೂರ್ತಿ ಹಿಡಿಸದಿದ್ದರೂ ಎಲ್2ನಲ್ಲಿ ನೆಮ್ಮದಿಯಾಗಿ ಇರುತ್ತದೆ, ಮತ್ತು ಅದನ್ನೂ ಸಾಲಾಗಿಯೇ ಮುಟ್ಟುತ್ತೇವೆ. ಇದರಿಂದ ಇನ್ನೊಂದು ಲಾಭವೂ ಇದೆ. ಹಳೆಯ ರೂಪದಲ್ಲಿ ಪ್ರತಿ ಕೂಡಿಕೆಯೂ ಹಿಂದಿನ `s`ಗಾಗಿ ಕಾಯಬೇಕಿತ್ತು. ಹೊಸದರಲ್ಲಿ ಪಕ್ಕಪಕ್ಕದ ಕೂಡಿಕೆಗಳು ಒಂದನ್ನೊಂದು ಅವಲಂಬಿಸಿಲ್ಲವಾದ್ದರಿಂದ ಕಂಪೈಲರ್ ಒಂದೇ ಸೂಚನೆಯಲ್ಲಿ ಹಲವು ಸಂಖ್ಯೆಗಳನ್ನು ಕೂಡುವ ಕೋಡ್ ಹುಟ್ಟಿಸಬಹುದು.

ದುರಸ್ತಿ ಸರಿಯಾಗಿದೆಯೇ ಎಂದು ನೋಡಲು ಇಲ್ಲಿ ಬಹಳ ಕಟ್ಟುನಿಟ್ಟಾದ ಒಂದು ಪರೀಕ್ಷೆ ಸಿಗುತ್ತದೆ. ದಶಾಂಶ ಸಂಖ್ಯೆಗಳನ್ನು ಕೂಡುವ ಕ್ರಮ ಬದಲಾದರೆ ಉತ್ತರದ ಕೊನೆಯ ಅಂಕಿಗಳು ಬದಲಾಗುತ್ತವೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಇಲ್ಲಿ ಯಾವುದೇ ಒಂದು ಕಂಬಸಾಲನ್ನು ತೆಗೆದುಕೊಂಡರೂ ಅದರ ಎತ್ತರಗಳು `i` ಏರುವ ಹಳೆಯ ಕ್ರಮದಲ್ಲೇ ಕೂಡಿಕೆಯಾಗುತ್ತವೆ. ಆದ್ದರಿಂದ `-ffast-math` ಬಳಸದಿದ್ದರೆ ಎರಡೂ ರೂಪಗಳ `col` ಬಿಟ್‌ಗೆ ಬಿಟ್ ಹೊಂದಬೇಕು. `memcmp` ಸೊನ್ನೆ ಕೊಡದಿದ್ದರೆ ಅದನ್ನು ದುಂಡಾಗಿಸುವಿಕೆಯ ತಲೆಗೆ ಕಟ್ಟಬೇಡಿ, ಕೋಡ್‌ನಲ್ಲೇ ತಪ್ಪಿದೆ. ಇಡೀ ಜಾಲಕ್ಕೆ ಒಂದೇ ಮೊತ್ತ ಬೇಕಾದಾಗ ಈ ಮಾತು ಅನ್ವಯಿಸುವುದಿಲ್ಲ. ಅಲ್ಲಿ ಲೂಪ್ ಕ್ರಮ ಬದಲಾದರೆ ಕೂಡುವ ಕ್ರಮವೇ ಬದಲಾಗುತ್ತದೆ.

ಕಂಪೈಲರ್ ತಾನೇ ಇದನ್ನು ಸರಿಪಡಿಸುವುದಿಲ್ಲವೇ ಎಂಬ ಪ್ರಶ್ನೆ ಸಹಜ. ಜಿಸಿಸಿಯಲ್ಲಿ `-floop-interchange` ಎಂಬ ಸೌಲಭ್ಯವಿದ್ದು, `-O3` ಕೊಟ್ಟಾಗ ಅದು ಜಾರಿಯಾಗುತ್ತದೆ, `-O2`ನಲ್ಲಿ ಆಗುವುದಿಲ್ಲ. ಲೂಪ್‌ಗಳ ನಡುವೆ ಬೇರೆ ಕೆಲಸ ಸೇರಿದ್ದರೆ, ಪಾಯಿಂಟರ್‌ಗಳು ಒಂದೇ ಜಾಗವನ್ನು ತೋರಿಸುತ್ತಿರಬಹುದೆಂಬ ಅನುಮಾನವಿದ್ದರೆ, ಅಥವಾ ಕೂಡುವ ಕ್ರಮ ಬದಲಾಗುವಂತಿದ್ದರೆ ಅದು ಕೈಚೆಲ್ಲುತ್ತದೆ. ನನ್ನ ಅಭಿಪ್ರಾಯದಲ್ಲಿ ಇದನ್ನು ನೆಚ್ಚಿಕೊಂಡು ಕೂರುವುದಕ್ಕಿಂತ ಕೈಯಾರೆ ಬರೆಯುವುದೇ ಲೇಸು. ಆದರೂ ಪತ್ತೆಯ ಸಮಯದಲ್ಲಿ ಈ ಸೌಲಭ್ಯದ ನೆನಪಿರಬೇಕು: ನಿಮ್ಮ ಯಂತ್ರದಲ್ಲಿ ಎರಡು ಕ್ರಮಗಳೂ ಒಂದೇ ಸಮಯ ತೆಗೆದುಕೊಂಡರೆ, ಒಮ್ಮೆ `-O3 -fno-loop-interchange` ಎಂದು ಕಂಪೈಲ್ ಮಾಡಿ ನೋಡಿ.

ಭಾಷೆ ಬದಲಾದರೆ ಸರಿಯಾದ ಕ್ರಮವೂ ಬದಲಾಗಬಹುದು. ಫೋರ್ಟ್ರಾನ್ ಕಂಬಸಾಲುಗಳನ್ನು ಒಟ್ಟಿಗೆ ಜೋಡಿಸುತ್ತದೆ, ಆದ್ದರಿಂದ ಅಲ್ಲಿ ಮೊದಲ ಸೂಚ್ಯಂಕ ಒಳ ಲೂಪ್‌ನಲ್ಲಿರಬೇಕು. ನಂಪೈಯಲ್ಲಿ ಅರೇ ಎರಡರಲ್ಲಿ ಯಾವ ಬಗೆಯದೂ ಆಗಿರಬಹುದು. `h.strides` ಮುದ್ರಿಸಿದಾಗ `(32768, 4)` ಬಂದರೆ ಅದು ಸಿ ಬಗೆ, `(4, 32768)` ಬಂದರೆ ಫೋರ್ಟ್ರಾನ್ ಬಗೆ.

ಲೂಪ್ ಕ್ರಮ ಬದಲಿಸಲು ಬಾರದಿದ್ದಾಗ

ಕೆಲವೊಮ್ಮೆ ಕಂಬಸಾಲಿನ ನಡಿಗೆ ತಪ್ಪಿಸಲಾಗುವುದಿಲ್ಲ: ಉತ್ತರದಿಂದ ದಕ್ಷಿಣಕ್ಕೆ ಹರಿವನ್ನು ಹಿಂಬಾಲಿಸುವಾಗ ಒಂದು ಕಂಬಸಾಲು ಮುಗಿಯದೆ ಮುಂದಿನದು ಶುರುವಾಗುವಂತಿಲ್ಲ ಎಂದುಕೊಳ್ಳಿ. ಆಗ ಮೊದಲು ಮಾಡಬೇಕಾದದ್ದು ಅಗಲಕ್ಕೆ ಒಂದಿಷ್ಟು ಚೌಕಗಳನ್ನು ವ್ಯರ್ಥವಾಗಿ ಸೇರಿಸುವುದು.

```c
static float h[N][N + 16];
```

ಈಗ ಒಂದು ಅಡ್ಡಸಾಲು 32,832 ಬೈಟ್, ಅಂದರೆ ಸರಿಯಾಗಿ 513 ಕ್ಯಾಶ್ ಲೈನ್. ಒಂದೊಂದು ಅಡ್ಡಸಾಲು ಇಳಿದಾಗಲೂ ಒಂದು ಸೆಟ್ ಮುಂದಕ್ಕೆ ಸರಿಯುವುದರಿಂದ 8192 ಲೈನ್‌ಗಳು ಎಲ್ಲ ಸೆಟ್‌ಗಳಿಗೂ ಹಂಚಿಹೋಗುತ್ತವೆ, ಎಲ್2 ಸಾಕಷ್ಟು ದೊಡ್ಡದಿದ್ದರೆ ಆ 512 ಕೆಬಿ ಅಲ್ಲಿ ಉಳಿದು ಪಕ್ಕದ 15 ಕಂಬಸಾಲುಗಳಿಗೂ ಒದಗುತ್ತದೆ. ಇದು ಒಳ್ಳೆಯ ಪತ್ತೆ ಸಾಧನವೂ ಹೌದು: ಬೇರೇನನ್ನೂ ಮುಟ್ಟದೆ ಅಗಲ ಹೆಚ್ಚಿಸಿದ ಮಾತ್ರಕ್ಕೆ ವೇಗ ಏರಿದರೆ ಸೆಟ್‌ಗಳ ನೂಕುನುಗ್ಗಲು ಇದ್ದದ್ದು ಖಚಿತ. ಟಿಎಲ್‌ಬಿಯ ತೊಂದರೆ ಮಾತ್ರ ಇದರಿಂದ ಹೋಗುವುದಿಲ್ಲ, ಹೆಜ್ಜೆ ಇನ್ನೂ ಹೊಸ ಪುಟಕ್ಕೇ ಬೀಳುತ್ತದೆ.

ಅದಕ್ಕೆ 2 ಎಂಬಿಯ ದೊಡ್ಡ ಪುಟಗಳನ್ನು ಬಳಸಬಹುದು. 256 ಎಂಬಿಗೆ 128 ಪುಟಗಳು ಸಾಕಾಗುತ್ತವೆ. ಯಂತ್ರದಲ್ಲಿ ಅವು ಜಾರಿಯಲ್ಲಿವೆಯೇ ಎಂಬುದು `/sys/kernel/mm/transparent_hugepage/enabled` ಕಡತದಲ್ಲಿ ತಿಳಿಯುತ್ತದೆ. ಅಗಲ ಹೆಚ್ಚಿಸದೆ ಇದನ್ನೊಂದನ್ನೇ ಮಾಡಿದರೆ ಒಂದು ಕಡೆ ಗಳಿಸಿದ್ದನ್ನು ಇನ್ನೊಂದು ಕಡೆ ಕಳೆದುಕೊಳ್ಳಬಹುದು. ಚಿಕ್ಕ ಪುಟಗಳು ಭೌತಿಕ ಮೆಮೊರಿಯಲ್ಲಿ ಚೆದುರಿ ಬೀಳುತ್ತಿದ್ದುದರಿಂದ ಎಲ್2ನಲ್ಲಿ 16 ಸೆಟ್‌ಗಳಾದರೂ ಸಿಗುತ್ತಿದ್ದವು. ದೊಡ್ಡ ಪುಟದೊಳಗೆ ವಿಳಾಸಗಳು ಕ್ರಮವಾಗಿ ಇರುವುದರಿಂದ 32 ಕೆಬಿಯ ಜಿಗಿತಕ್ಕೆ 1024ರಲ್ಲಿ ಸಿಗುವುದು ಎರಡೇ ಸೆಟ್.

ಇನ್ನು ಜಾಲವನ್ನು ಮಗುಚುವ ಕೆಲಸ, ಅಂದರೆ `out[j][i] = h[i][j]`, ಯಾವ ಕ್ರಮದಲ್ಲಿ ಬರೆದರೂ ಪಾರಾಗದು. ಓದು ಸಾಲಾಗಿದ್ದರೆ ಬರಹ ಜಿಗಿಯುತ್ತದೆ, ಬರಹ ಸಾಲಾಗಿದ್ದರೆ ಓದು. ಇಲ್ಲಿ ಜಾಲವನ್ನು 16 × 16ರ ತುಂಡುಗಳಾಗಿ ಒಡೆದು, ಒಂದು ತುಂಡನ್ನು ಪೂರ್ತಿ ಮುಗಿಸಿ ಮುಂದಿನದಕ್ಕೆ ಹೋಗಬೇಕು. ಅರೇಗಳು 64 ಬೈಟ್‌ನ ಗಡಿಯಲ್ಲಿ ಶುರುವಾಗಿದ್ದರೆ ತುಂಡಿನ ಒಂದು ಅಡ್ಡಸಾಲು ಸರಿಯಾಗಿ ಒಂದು ಕ್ಯಾಶ್ ಲೈನ್ ಆಗುತ್ತದೆ. ಓದುವ ಕಡೆ ಒಮ್ಮೆಗೆ ಒಂದು ಲೈನ್, ಬರೆಯುವ ಕಡೆ 16 ಲೈನ್‌ಗಳು ಕ್ಯಾಶ್‌ನಲ್ಲಿ ಕಾದಿರಬೇಕು. ಹದಿನಾರೇ ಲೈನ್‌ಗಳಲ್ಲವೇ, ಎಲ್1ಗೆ ಇದೇನು ಮಹಾ ಎನ್ನಿಸಬಹುದು. ಆದರೆ `out`ನ ಅಗಲವೂ 8192 ಆಗಿದ್ದರೆ ಆ 16 ಲೈನ್‌ಗಳೂ ಒಂದೇ ಸೆಟ್‌ಗೆ ಬೀಳುತ್ತವೆ. 32 ಕೆಬಿಯ ಎಲ್1ನಲ್ಲಿ ಆ ಸೆಟ್‌ಗೆ 8, ಅಷ್ಟೇ ಸೆಟ್‌ಗಳಿರುವ 48 ಕೆಬಿಯದರಲ್ಲಿ 12 ಜಾಗಗಳಷ್ಟೇ ಇರುವುದು. ತುಂಡು ಮಾಡಿದರೂ ಎಲ್1ನ ತಪ್ಪುಗಳು ಇಳಿಯಲಿಲ್ಲ ಎಂದು `perf` ಹೇಳಿದರೆ ಮೊದಲು ನೋಡಬೇಕಾದದ್ದು ತುಂಡಿನ ಅಳತೆಯನ್ನಲ್ಲ, `out`ನ ಅಗಲವನ್ನು. ಅದನ್ನೂ `N + 16` ಮಾಡಿದರೆ ಹದಿನಾರೂ ಲೈನ್‌ಗಳಿಗೆ ಬೇರೆ ಬೇರೆ ಸೆಟ್ ಸಿಗುತ್ತದೆ.